ಭಾನುವಾರದ ಕ್ಯಾಂಪ್, ಶುಕ್ರವಾರದ ಎಕ್ಸ್‌ಪೈರಿ

ನಾನು ಹಾಸನದ ಕಡೆಯವನು. ಈಗ ಇಂಗ್ಲೆಂಡಿನ ಒಂದು ಆಸ್ಪತ್ರೆಯ ರಕ್ತ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಊರಿನಿಂದ ಫೋನ್ ಬಂದರೆ, ಅದರಲ್ಲೂ ಮಳೆಗಾಲದಲ್ಲಿ, ಪ್ಲೇಟ್‌ಲೆಟ್ ವಿಷಯ ಬಂದೇ ಬರುತ್ತದೆ. ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ 2024ರಲ್ಲಂತೂ ಬೇರೆ ಮಾತೇ ಇರಲಿಲ್ಲ. ನಮ್ಮ ನೆಂಟರ ಹುಡುಗನೊಬ್ಬನಿಗೆ ಬಿ ಗುಂಪಿನ 4 ಚೀಲ ಬೇಕಾಗಿತ್ತು. ಹೋದಲ್ಲೆಲ್ಲ ಇಲ್ಲ ಅಂದರು. ಒಂದು ಕಡೆ ಟೆಕ್ನಿಷಿಯನ್ ಮಾತ್ರ ಬೇಜಾರಿನಿಂದ ನಿಜ ಹೇಳಿದ: "ನಿನ್ನೆ ಬಂದಿದ್ರೆ ಇತ್ತು ಸಾರ್. ಭಾನುವಾರದ ಕ್ಯಾಂಪಿಂದು, ರಾತ್ರಿ ಎಲ್ಲಾ ಎಕ್ಸ್‌ಪೈರಿ ಆಯ್ತು."

ಜನ ರಕ್ತ ಕೊಡುವುದಿಲ್ಲ ಅನ್ನುವ ದೂರು ನನಗೆ ಒಪ್ಪಿಗೆಯಿಲ್ಲ. ಕೊಡುತ್ತಾರೆ. ಆದರೆ ಎಲ್ಲರೂ ಒಂದೇ ದಿನ ಕೊಡುತ್ತಾರೆ.

ಕೆಂಪು ರಕ್ತಕಣಕ್ಕೆ ಇದರಿಂದ ತೊಂದರೆಯಿಲ್ಲ. ಫ್ರಿಜ್‌ನಲ್ಲಿಟ್ಟರೆ ಚೀಲದಲ್ಲಿರುವ ದ್ರಾವಣ ನೋಡಿಕೊಂಡು 35 ಅಥವಾ 42 ದಿನ ಬರುತ್ತದೆ. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿದರೆ ಒಂದು ವರ್ಷ. ಪ್ಲೇಟ್‌ಲೆಟ್‌ಗೆ ಮಾತ್ರ ಫ್ರಿಜ್ ಆಗುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ, ಸದಾ ಮೆಲ್ಲಗೆ ಅಲುಗಾಡಿಸುವ ಯಂತ್ರದ ಮೇಲೆ ಇಡಬೇಕು. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಭಯ ಇರುತ್ತದೆ. ಅದಕ್ಕೇ ನಮ್ಮಲ್ಲಿ 5 ದಿನದ ಗಡುವು. ಅದರಲ್ಲೂ ಮೊದಲ ಒಂದು ದಿನ ಎಚ್‌ಐವಿ, ಹೆಪಟೈಟಿಸ್, ಮಲೇರಿಯಾ ಪರೀಕ್ಷೆಗಳಿಗೇ ಹೋಗುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ವಾರಕ್ಕೆ 80 ಚೀಲ ಪ್ಲೇಟ್‌ಲೆಟ್ ಆಗುವ ಒಂದು ರಕ್ತನಿಧಿ ಅಂದುಕೊಳ್ಳಿ. ದಿನಕ್ಕೆ 11 ಚೀಲ ಖರ್ಚು, ಅಂದರೆ ವಾರಕ್ಕೆ 77. ಮೇಲ್ನೋಟಕ್ಕೆ ಸರಿಹೋಯಿತು. ಆದರೆ 80ನ್ನೂ ಭಾನುವಾರವೇ ತೆಗೆದರೆ ಕೈಗೆ ಸಿಗುವುದು ಮಂಗಳವಾರ ಬೆಳಿಗ್ಗೆ, ಗಡುವು ಮುಗಿಯುವುದು ಶುಕ್ರವಾರ ಮಧ್ಯರಾತ್ರಿ. ಆ 4 ದಿನದಲ್ಲಿ 44 ಖರ್ಚಾಗುತ್ತದೆ. ಉಳಿದ 36 ಕಸಕ್ಕೆ. ಶನಿವಾರ, ಭಾನುವಾರ, ಸೋಮವಾರ ಬಂದವರಿಗೆ ಒಂದೂ ಇಲ್ಲ. ಒಂದೇ ವಾರದಲ್ಲಿ 36 ದಂಡ, 33 ಕೊರತೆ.

ಅದೇ 80ನ್ನು ಭಾನುವಾರ 40, ಬುಧವಾರ 40 ಅಂತ ತೆಗೆದರೆ ಏನಾಗುತ್ತದೆ ನೋಡಿ. ಮೊದಲ 40 ಮಂಗಳವಾರದಿಂದ ಶುಕ್ರವಾರದೊಳಗೆ ಪೂರ್ತಿ ಖಾಲಿ. ಬುಧವಾರದ್ದು ಶುಕ್ರವಾರ ಬೆಳಿಗ್ಗೆ ಸಿಗುತ್ತದೆ. ಆ ದಿನದ ಕೊರತೆ 4 ತುಂಬಿ, ಶನಿವಾರದಿಂದ ಸೋಮವಾರದವರೆಗಿನ 33ಕ್ಕೂ ಆಗುತ್ತದೆ. ಕೊನೆಗೆ 3 ಮಾತ್ರ ಹಾಳು. ದಾನಿಗಳು ಅಷ್ಟೇ, ಯಂತ್ರಗಳೂ ಅವೇ, ವಾರವನ್ನು ಎರಡು ಭಾಗ ಮಾಡಿದ್ದು ಒಂದೇ ಬದಲಾವಣೆ.

ಇಲ್ಲಿ ಇಂಗ್ಲೆಂಡಿನಲ್ಲಿ ಈ ಹಂಚಿಕೆ ಮಾಡುವುದು ಆಸ್ಪತ್ರೆಯಲ್ಲ. ಇಡೀ ದೇಶಕ್ಕೆ ಒಂದೇ ರಕ್ತ ಸೇವೆ ಇದೆ. ದಾನಿಗೆ ದಿನ, ಹೊತ್ತು ಗೊತ್ತುಮಾಡಿ ಕರೆಯುತ್ತಾರೆ. ಹೀಗಾಗಿ ಪ್ಲೇಟ್‌ಲೆಟ್ ದಿನಾ ಬರುತ್ತಲೇ ಇರುತ್ತದೆ, ನಾವು ಬೇಕಾದಾಗ ತರಿಸಿಕೊಳ್ಳುತ್ತೇವೆ. ಪ್ರತಿ ಚೀಲಕ್ಕೂ ಬ್ಯಾಕ್ಟೀರಿಯಾ ಪರೀಕ್ಷೆ ಮಾಡುವುದರಿಂದ ಗಡುವು 7 ದಿನ. ಹಾಗಂತ ಇಲ್ಲಿ ಕೊರತೆಯೇ ಇಲ್ಲ ಅಂತಲ್ಲ. 2022ರ ಅಕ್ಟೋಬರ್‌ನಲ್ಲಿ, ಮತ್ತೆ 2024ರ ಜುಲೈನಲ್ಲಿ ಕೆಂಪುಕಣಕ್ಕೇ ಎಚ್ಚರಿಕೆ ಹೊರಡಿಸಬೇಕಾಯಿತು. ಆ 7 ದಿನದ ಪರೀಕ್ಷೆಗೆ ದುಡ್ಡು ಜಾಸ್ತಿ, ಅದನ್ನು ನಾಳೆಯೇ ತನ್ನಿ ಅಂತ ನಾನು ಹೇಳಲಾರೆ. ಕ್ಯಾಂಪಿನ ದಿನ ಬದಲಾಯಿಸುವುದಕ್ಕೆ ಮಾತ್ರ ದುಡ್ಡು ಬೇಕಿಲ್ಲ. ಕಾಲೇಜು, ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ಬುಧವಾರ ಕ್ಯಾಂಪ್ ಮಾಡಬಹುದು ಅಲ್ವಾ? ನಾಯಕರ ಹುಟ್ಟುಹಬ್ಬದ ದಿನ 300 ಚೀಲ ತೆಗೆದು ಫೋಟೊ ಹಾಕುವ ಬದಲು, ಅದೇ ಹುಡುಗರ ಪಟ್ಟಿ ಬರೆದಿಟ್ಟುಕೊಂಡು ಹಂತಹಂತವಾಗಿ ಕರೆದರೆ ಎಷ್ಟೋ ಮೇಲು.

ಇನ್ನು ಗುಂಪಿನ ಮಾತು. 40 ಚೀಲದಲ್ಲಿ ಓ ಸುಮಾರು 16, ಬಿ 12, ಎ 9 ಇರಬಹುದು. ಎಬಿ ಎರಡೋ ಮೂರೋ. ಒಬ್ಬೊಬ್ಬರಿಗೆ ಸುಮಾರು 4 ಹಿಡಿದರೆ, ದಿನಕ್ಕೆ 11 ಚೀಲ ಅಂದರೆ ಬರೀ ಮೂರು ರೋಗಿಗಳು. ಮೂವರೂ ಬಿ ಗುಂಪಿನವರೇ ಆದರೆ ಬಿ ಅಲ್ಲಿಗೇ ಖಾಲಿ, ಪಕ್ಕದಲ್ಲೇ ಓ ಚೀಲಗಳು ಹಳಸುತ್ತಾ ಕೂತಿರುತ್ತವೆ. ಇಲ್ಲಿ ಅದೇ ಗುಂಪು ಸಿಗದಿದ್ದರೆ ಬೇರೆ ಗುಂಪಿನದು ಕೊಡಲು ಲ್ಯಾಬಿನಲ್ಲಿ ಬರೆದಿಟ್ಟ ಕ್ರಮ ಇದೆ, ಯಾರಿಗೂ ಅಂಜಿಕೆಯಿಲ್ಲ. ಊರಿನಲ್ಲಿ ಡಾಕ್ಟರಿಗೂ ಮನೆಯವರಿಗೂ ಅದೇ ಗುಂಪು ಬೇಕು ಅನ್ನುವ ಹಟ ಜಾಸ್ತಿ.

ಪ್ಲೇಟ್‌ಲೆಟ್ ಚೀಲದಲ್ಲಿ ಇರುವುದು ಹೆಚ್ಚಾಗಿ ದಾನಿಯ ಪ್ಲಾಸ್ಮಾ. ಹಾಗಾಗಿ ಆ ಪ್ಲಾಸ್ಮಾ ರೋಗಿಯ ಕೆಂಪುಕಣಕ್ಕೆ ಹೊಂದುತ್ತದೆಯೇ ಅಂತ ನೋಡಬೇಕು. ಓ ರೋಗಿಗೆ ಎ, ಬಿ ಯಾವುದನ್ನು ಕೊಟ್ಟರೂ ಪ್ಲಾಸ್ಮಾದಿಂದ ಅಪಾಯವಿಲ್ಲ. ಕೌಂಟ್ ಸ್ವಲ್ಪ ಕಡಿಮೆ ಏರಬಹುದು, ಅಷ್ಟೇ. ಎಬಿಯವರಿಗೆ ಎ ಅಥವಾ ಬಿ ಕೊಡಬಹುದು. ಎಚ್ಚರ ಬೇಕಾಗಿರುವುದು ಓ ಚೀಲವನ್ನು ಬೇರೆಯವರಿಗೆ ಕೊಡುವಾಗ. ಕೆಲವು ಓ ದಾನಿಗಳ ಪ್ಲಾಸ್ಮಾದಲ್ಲಿ ಪ್ರತಿಕಾಯ ತುಂಬಾ ಜೋರಾಗಿರುತ್ತದೆ, ರೋಗಿಯ ಕೆಂಪುಕಣ ಒಡೆಯುತ್ತದೆ. ಒಂದು ಚೀಲ 50-70 ಮಿಲಿ. ದೊಡ್ಡವರಿಗೆ ಒಂದೆರಡು ನಡೆದೀತು, ಮಕ್ಕಳಿಗೆ ಬೇಡ. ಹಾಗಾಗಿ ಓ ಕೊನೆಯ ಆಯ್ಕೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅಲುಗಾಡಿಸುವ ಯಂತ್ರದ ಪಕ್ಕ ಅಂಟಿಸಿದರೆ ರಾತ್ರಿ ಪಾಳಿಯವರಿಗೆ ಎಷ್ಟೋ ಧೈರ್ಯ. ಇಲ್ಲಿನ ಕ್ರಮವನ್ನು ಹಾಗೇ ನಕಲು ಮಾಡುವುದೂ ಬೇಡ. ಇಂಗ್ಲೆಂಡಿನಲ್ಲಿ ಬಿ ಗುಂಪಿನವರು ಹತ್ತಕ್ಕೆ ಒಬ್ಬರು, ಹಾಗಾಗಿ ಚಿಕ್ಕ ಆಸ್ಪತ್ರೆಗಳು ಎ ಇಟ್ಟುಕೊಂಡರೆ ಸಾಕು. ನಮ್ಮಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ಬಿ. ಎಬಿಯನ್ನು ಬೇಕೆಂದೇ ಕೂಡಿಡದೆ, ಬಿಯನ್ನು ಮಾತ್ರ ಯಾವತ್ತೂ ಖಾಲಿ ಬಿಡದೆ ಇರುವುದು ನಮ್ಮ ಕಡೆಗೆ ಸರಿ.

ನನಗೆ ಎಲ್ಲಕ್ಕಿಂತ ಕಳವಳ ತರುವುದು ಚೀಲ ದಂಡವಾಗುತ್ತದೆ ಅನ್ನುವ ಭಯ. ಬಿಸಾಡಿದ ಚೀಲಕ್ಕೆ ರಿಜಿಸ್ಟರ್ ಇದೆ, ಮೇಲಿನವರು ಕೇಳುತ್ತಾರೆ. ಇಲ್ಲ ಅಂತ ವಾಪಸ್ ಕಳಿಸಿದ ರೋಗಿಗೆ ಎಷ್ಟು ಕಡೆ ರಿಜಿಸ್ಟರ್ ಇದೆ? ಹಾಗಾಗಿ ಜಾಣನಾದ ಟೆಕ್ನಿಷಿಯನ್ ಪ್ಲೇಟ್‌ಲೆಟ್ ಮಾಡುವುದನ್ನೇ ಕಡಿಮೆ ಮಾಡುತ್ತಾನೆ. ಮಾಡದೆ ಬಿಟ್ಟದ್ದು ಯಾವ ಪುಸ್ತಕದಲ್ಲೂ ದಂಡ ಅಂತ ಕಾಣುವುದಿಲ್ಲ. ಅದಕ್ಕೇ ಎರಡನ್ನೂ ಬರೆಯಬೇಕು: ಯಾವ ಗುಂಪಿನ ಎಷ್ಟು ಹಾಳಾಯಿತು, ಯಾವ ಗುಂಪಿನ ಎಷ್ಟು ಕೇಳಿದವರಿಗೆ ಕೊಡಲಾಗಲಿಲ್ಲ. ಒಂದು ಮಳೆಗಾಲ ಹೀಗೆ ಬರೆದರೆ ಯಾವ ಗುಂಪನ್ನು ಎಷ್ಟು ಮಾಡಬೇಕು ಅಂತ ಅಂಕಿಗಳೇ ಹೇಳುತ್ತವೆ. ದಂಡ ಸೊನ್ನೆ ಆಗಿದ್ದರೆ ನಾನಂತೂ ಮೊದಲು ಎರಡನೆಯ ಪಟ್ಟಿ ನೋಡುತ್ತೇನೆ.

ಬೇಡಿಕೆಯಲ್ಲೂ ಸುಮ್ನೆ ಬರುವುದು ಬಹಳ. ರಕ್ತಸ್ರಾವ ಇಲ್ಲದ ಡೆಂಗಿ ರೋಗಿಗೆ 40 ಸಾವಿರ ಕೌಂಟ್ ಇದ್ದರೂ "ತಂದಿಟ್ಟುಕೊಳ್ಳಿ" ಅನ್ನುತ್ತಾರೆ. ಸಿಂಗಾಪುರ, ಮಲೇಷ್ಯಾದಲ್ಲಿ ಮಾಡಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೂ ಮುಂಜಾಗ್ರತೆಗೆ ಕೊಟ್ಟ ಪ್ಲೇಟ್‌ಲೆಟ್ ರಕ್ತಸ್ರಾವವನ್ನು ತಡೆಯಲಿಲ್ಲ. ತಂದಿಟ್ಟದ್ದನ್ನು ವಾರ್ಡಿನ ಫ್ರಿಜ್‌ಗೆ ಹಾಕಿದರೆ ಅದು ಹಾಳಾದಂತೆಯೇ. ಒಳ್ಳೆಯ ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲುಗಿಸಿದರೆ ಒಳಗೆ ಹೊಳೆಯುವ ಸುಳಿ ಕಾಣುತ್ತದೆ. ಫ್ರಿಜ್‌ನಿಂದ ಬಂದದ್ದರಲ್ಲಿ ಆ ಸುಳಿ ಸತ್ತಿರುತ್ತದೆ.

ಕೊನೆಯದಾಗಿ ಪಕ್ಕದೂರು. ನಮ್ಮ ಲ್ಯಾಬಿನಲ್ಲಿ ಗಡುವಿಗೆ ಒಂದು ದಿನ ಉಳಿದ ಚೀಲವನ್ನು ಕ್ಯಾನ್ಸರ್ ವಾರ್ಡ್ ಇರುವ ದೊಡ್ಡ ಆಸ್ಪತ್ರೆಗೆ ಕೇಳಿ ಕಳಿಸುತ್ತೇವೆ. ಹಾಸನದಿಂದ ಚಿಕ್ಕಮಗಳೂರು 60 ಕಿಲೋಮೀಟರ್ ಆಸುಪಾಸು. ಅಲುಗಾಡಿಸದೆ 24 ಗಂಟೆವರೆಗೆ ಪ್ಲೇಟ್‌ಲೆಟ್ ತಡೆದುಕೊಳ್ಳುತ್ತದೆ, ಐಸ್ ಇಲ್ಲದ ಡಬ್ಬಿ ಸಾಕು. ರಕ್ತನಿಧಿಗಳ ನಡುವೆ ಹೀಗೆ ಸಾಗಿಸಲು ನಮ್ಮ ದೇಶದಲ್ಲಿ 2015ರಿಂದಲೇ ಅನುಮತಿ ಇದೆ. ದಿನಾ ಬೆಳಿಗ್ಗೆ 10ಕ್ಕೆ ಎರಡೂ ಊರಿನ ರಕ್ತನಿಧಿಯವರು ಫೋನ್ ಮಾಡಿ, ನಾಳೆ ರಾತ್ರಿ ಗಡುವು ಮುಗಿಯುವ ಚೀಲ ಯಾವ ಗುಂಪಿನದು ಎಷ್ಟಿದೆ ಅಂತ ಮಾತ್ರ ಹೇಳಿಕೊಳ್ಳಲಿ. ಒಟ್ಟು ಸ್ಟಾಕ್ ಹೇಳುವುದೇ ಬೇಡ.