ಪೆಟ್ಟಿಲ್ಲದೆ ಊದುವ ಮಂಡಿ

"ತಮ್ಮನಿಗೆ ಹಿಮೋಫಿಲಿಯಾ ಎ ಇದೆ, ನಾನು ಆರೋಗ್ಯವಾಗಿದ್ದೇನೆ, ನನ್ನ ಮಗನಿಗೆ ಬರಬಹುದೇ? ಪೆಟ್ಟಾಗದೆಯೂ ತಮ್ಮನ ಮಂಡಿ ಊದುವುದೇಕೆ?"

ಹಿಮೋಫಿಲಿಯಾ ಎ ಎಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನಿನ ಕೊರತೆ. ಅದನ್ನು ತಯಾರಿಸುವ ಜೀನ್ ಎಕ್ಸ್ ವರ್ಣತಂತುವಿನಲ್ಲಿದ್ದು, ಗಂಡುಮಕ್ಕಳಿಗೆ ತಾಯಿಯಿಂದ ಬಂದ ಒಂದೇ ಎಕ್ಸ್ ಇರುವುದರಿಂದ ಅದರಲ್ಲಿ ದೋಷವಿದ್ದರೆ ಸರಿದೂಗಿಸಲು ಇನ್ನೊಂದು ಪ್ರತಿ ಇರುವುದಿಲ್ಲ. ನಿಮ್ಮ ತಾಯಿ ಈ ದೋಷವಿರುವ ಜೀನ್ ಹೊತ್ತ ವಾಹಕಿಯಾಗಿದ್ದರೆ ನೀವೂ ವಾಹಕಿಯಾಗಿರುವ ಸಾಧ್ಯತೆ ಅರ್ಧದಷ್ಟು. ನೀವು ವಾಹಕಿಯಾಗಿದ್ದಲ್ಲಿ ಹುಟ್ಟುವ ಪ್ರತಿಯೊಬ್ಬ ಮಗನಿಗೂ ಮತ್ತೆ ಅರ್ಧದಷ್ಟು. ವಾಹಕಿಯರಲ್ಲಿ ಫ್ಯಾಕ್ಟರ್ ಪ್ರಮಾಣ ಸಹಜವಾಗಿಯೇ ಇರಬಹುದಾದ್ದರಿಂದ, ದಯವಿಟ್ಟು ಗರ್ಭಧಾರಣೆಗೆ ಮೊದಲೇ ಜೀನ್ ಪರೀಕ್ಷೆ ಮಾಡಿಸಿಕೊಳ್ಳಿ.

ಮಂಡಿಯ ಒಳಪೊರೆಯಲ್ಲಿ ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿದ್ದು, ದಿನನಿತ್ಯದ ಚಲನೆಯಿಂದಲೇ ಅವು ಬಿರಿಯಬಹುದು; ಫ್ಯಾಕ್ಟರ್ ಇಲ್ಲದಿದ್ದರೆ ಗಟ್ಟಿಯಾದ ಹೆಪ್ಪು ಕಟ್ಟದೆ ರಕ್ತ ಒಳಗೇ ಒಸರುತ್ತದೆ. ಆ ರಕ್ತದ ಕಬ್ಬಿಣಾಂಶ ಪೊರೆಯನ್ನು ಕೆರಳಿಸಿ ದಪ್ಪಗಾಗಿಸುತ್ತದೆ, ಅಲ್ಲಿ ಹುಟ್ಟುವ ಹೊಸ ನಾಳಗಳು ಇನ್ನಷ್ಟು ದುರ್ಬಲವಾಗಿರುತ್ತವೆ, ಆದ್ದರಿಂದಲೇ ಅದೇ ಮಂಡಿಯಲ್ಲಿ ಮತ್ತೆ ಮತ್ತೆ ರಕ್ತಸ್ರಾವವಾಗುತ್ತದೆ. ಊತಕ್ಕೆ ಮೊದಲೇ ಜುಮ್ಮೆನ್ನುವಿಕೆ, ಬಿಸಿ ಅಥವಾ ಬಿಗಿತ ಕಾಣಿಸುತ್ತದೆ. ಫ್ಯಾಕ್ಟರ್ ಕೊಡಿಸಬೇಕಾದದ್ದು ಆಗಲೇ.