ಡಿಸ್ಚಾರ್ಜ್ ಸಂಜೆಯಾಗುವುದಕ್ಕೆ ಬಿಲ್ಲಿಂಗ್‌ನವರು ಕಾರಣ ಅಲ್ಲ

ಬೆಳಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರ್ "ಇವತ್ತು ಮನೆಗೆ ಹೋಗಿ" ಅಂತಾರೆ. ರೋಗಿ ಹೊರಡುವಾಗ ಸಂಜೆ ಆಗಿರುತ್ತದೆ. ಎಲ್ಲರೂ ಬಿಲ್ಲಿಂಗ್ ಕೌಂಟರಿನವರನ್ನು ಬೈಯುತ್ತಾರೆ. ನನಗೆ ಕಾಣುವ ತಪ್ಪು ಬೇರೆ ಕಡೆ ಇದೆ: ಆಸ್ಪತ್ರೆಯಲ್ಲಿ ಯಾರು ಯಾರಿಗೆ ಉತ್ತರ ಕೊಡಬೇಕು ಅನ್ನುವುದರಲ್ಲಿ.

ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳು ಸಾಮಾನ್ಯವಾಗಿ ಫಂಕ್ಷನಲ್ ರೀತಿಯವು, ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ವಿಭಾಗ. ನರ್ಸ್‌ಗಳೆಲ್ಲ ನರ್ಸಿಂಗ್ ಸೂಪರಿಂಟೆಂಡೆಂಟ್ ಕೈಕೆಳಗೆ. ಫಾರ್ಮಸಿ, ಲ್ಯಾಬ್, ಬಿಲ್ಲಿಂಗ್‌ಗೆ ಒಬ್ಬೊಬ್ಬ ಮುಖ್ಯಸ್ಥರು. 50 ಹಾಸಿಗೆಗೆ ಇದೇ ಸರಿ. ಖರ್ಚು ಕಡಿಮೆ. ಒಂದು ವಾರ್ಡ್‌ನಲ್ಲಿ ನರ್ಸ್ ಕಡಿಮೆಯಾದರೆ ಇನ್ನೊಂದರಿಂದ ಕಳಿಸಬಹುದು. ಏನಾದರೂ ಸಿಕ್ಕಿಹಾಕಿಕೊಂಡರೆ ದೊಡ್ಡ ಡಾಕ್ಟರೇ ಕೂಗಿ ಬಿಡಿಸುತ್ತಾರೆ.

200 ಹಾಸಿಗೆಯಾದಾಗ ಆ ಕೂಗು ತಲುಪುವುದಿಲ್ಲ. ಡಿಸ್ಚಾರ್ಜ್ ಸಮರಿ ಬರೆಯಬೇಕಾದ ಡ್ಯೂಟಿ ಡಾಕ್ಟರ್ ಓಟಿಯಲ್ಲಿ. ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಿಲ್ಲ. ಅದು ಹೋಗದೆ ಬಿಲ್ ಮುಗಿಯುವುದಿಲ್ಲ, ಬಿಲ್ ಮುಗಿಯದೆ ಇನ್ಶೂರೆನ್ಸ್‌ಗೆ ಕಳಿಸುವ ಹಾಗಿಲ್ಲ. ವಿಮೆ ಕಂಪನಿ 3 ಗಂಟೆಯೊಳಗೆ ಒಪ್ಪಿಗೆ ಕೊಡಬೇಕೆಂದು 2024ರಲ್ಲಿ ವಿಮೆ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಹೇಳಿದೆ ನಿಜ, ಆದರೆ ಆ ಲೆಕ್ಕ ಶುರುವಾಗುವುದೇ ಆಸ್ಪತ್ರೆಯ ಕೋರಿಕೆ ಹೋದ ಮೇಲೆ. ಪ್ರತಿ ವಿಭಾಗವೂ ತನ್ನ ಕೆಲಸ ಮಾಡಿದೆ. ರೋಗಿಯ ಪೂರ್ತಿ ಜವಾಬ್ದಾರಿ ಮಾತ್ರ ಯಾರದ್ದೂ ಅಲ್ಲ.

ಹಾಗಾದರೆ ಡಿವಿಷನಲ್ ಮಾಡೋಣ ಅಂತಾರೆ. ಹೃದಯ, ಮೂಳೆ, ತಾಯಿ-ಮಗು, ಹೀಗೆ ಒಂದೊಂದಕ್ಕೂ ಅದರದೇ ನರ್ಸ್, ಬಿಲ್ಲಿಂಗ್, ಬಜೆಟ್. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸುಮಾರು 2008ರಲ್ಲಿ ಹೃದ್ರೋಗ ತಜ್ಞರನ್ನೂ ಹೃದಯ ಸರ್ಜನ್‌ಗಳನ್ನೂ ಒಂದೇ ಇನ್‌ಸ್ಟಿಟ್ಯೂಟ್ ಅಡಿ ತಂದಿತು. ಅದು ಸಾವಿರಕ್ಕೂ ಜಾಸ್ತಿ ಹಾಸಿಗೆಯ ಜಾಗ, ಅವರು ಅದನ್ನು ತಾಳಿಕೊಳ್ಳಬಲ್ಲರು. ನಮ್ಮ 200 ಹಾಸಿಗೆಯಲ್ಲಿ ಮೂಳೆ ವಾರ್ಡಿನ ನರ್ಸ್‌ಗಳು ಖಾಲಿ ಕೂತಿರುತ್ತಾರೆ, ಹೆರಿಗೆ ವಾರ್ಡಿನಲ್ಲಿ ಒಬ್ಬರೇ ಓಡಾಡುತ್ತಿರುತ್ತಾರೆ. ಒಂದೇ ಔಷಧಿ ಮೂರು ಸ್ಟೋರ್‌ನಲ್ಲಿ, ಒಂದು ಕಡೆ ಎಕ್ಸ್‌ಪೈರಿ.

ಉಳಿದದ್ದು ಮ್ಯಾಟ್ರಿಕ್ಸ್. ವಾರ್ಡಿನ ನರ್ಸ್‌ಗೆ ಇಬ್ಬರು ಮೇಲಿನವರು: ವಿಭಾಗದ ಮುಖ್ಯಸ್ಥರು, ನರ್ಸಿಂಗ್ ಸೂಪರಿಂಟೆಂಡೆಂಟ್. ಕೆಡುವುದು ರಜೆಯ ವಿಷಯಕ್ಕೇ. ಒಬ್ಬರು ಹೂಂ ಅಂತಾರೆ, ಇನ್ನೊಬ್ಬರು ಡ್ಯೂಟಿ ಹಾಕುತ್ತಾರೆ. ಪಾಪ, ಪೆಟ್ಟು ಸಿಸ್ಟರ್‌ಗೆ.

ನಾನಾದರೆ ತಾಯಿ-ಮಗು ವಿಭಾಗ ಒಂದನ್ನೇ ಮೊದಲು ಮ್ಯಾಟ್ರಿಕ್ಸ್‌ಗೆ ತರುತ್ತೇನೆ. ದಿನದ ಡ್ಯೂಟಿ, ರಜೆ, ಡಿಸ್ಚಾರ್ಜ್ ವಿಭಾಗದ ಮುಖ್ಯಸ್ಥರ ಮಾತು. ತರಬೇತಿ, ಸೋಂಕು ತಡೆ, ಬೇರೆ ವಾರ್ಡಿಗೆ ಕಳಿಸುವುದು ಸೂಪರಿಂಟೆಂಡೆಂಟ್ ಮಾತು. ಇದು ಬರಹದಲ್ಲಿ ಇರಬೇಕು, ಸುಮ್ನೆ ಮೀಟಿಂಗ್‌ನಲ್ಲಿ ಹೇಳಿದರೆ ಸಾಲದು. ಲ್ಯಾಬ್, ಬ್ಲಡ್ ಬ್ಯಾಂಕ್, ಔಷಧಿ ಖರೀದಿ ಎಲ್ಲರಿಗೂ ಒಂದೇ ಇರಲಿ. ಡಾಕ್ಟರ್ ಹೇಳಿದ ಸಮಯ, ಸಮರಿ ಸಿದ್ಧವಾದ ಸಮಯ, ಔಷಧಿ ವಾಪಸಾದ ಸಮಯ, ರೋಗಿ ಹೊರಟ ಸಮಯ, ಈ ನಾಲ್ಕನ್ನು ಆ ವಾರ್ಡಿನಲ್ಲೂ ಹಳೇ ರೀತಿಯ ಒಂದು ವಾರ್ಡಿನಲ್ಲೂ ಬರೆದಿಡಬೇಕು. ಎರಡರಲ್ಲೂ ಅಷ್ಟೇ ತಡವಾಗುತ್ತಿದ್ದರೆ ಉಳಿದ ವಾರ್ಡುಗಳನ್ನು ಮುಟ್ಟುವುದೇ ಬೇಡ.